199 ರೂಪಾಯಿ ಕ್ಲಾಸು 900 ಆದದ್ದು: ಬ್ಲೌಸ್ ಕಟಿಂಗ್ ಆನ್‌ಲೈನಲ್ಲಿ ಕಲಿಸಿದ ನನ್ನ ಅನುಭವ

ಹಾಸನದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಕಟಿಂಗ್ ವಿಡಿಯೊಗಳನ್ನು ಯೂಟ್ಯೂಬ್‌ಗೆ ಹಾಕುತ್ತಾ ಎರಡು ವರ್ಷವಾದ ಮೇಲೆ ನೋಡುವವರಿಂದ ಒಂದೇ ಮಾತು ಪದೇ ಪದೇ ಬರತೊಡಗಿತು: "ಅಕ್ಕ, ನೀವು ತೋರಿಸಿದ ಹಾಗೇ ಕತ್ತರಿಸಿದೆ, ಆದ್ರೂ ಕಟೋರಿ ಸರಿಯಾಗಿ ಕೂರ್ತಿಲ್ಲ." ಕಟೋರಿ ಅಂದರೆ ಬ್ಲೌಸಿನ ಎದೆಭಾಗಕ್ಕೆ ಬರುವ ಬಟ್ಟಲಿನಂಥ ತುಂಡು. ಸರಿ, ಲೈವ್ ಕ್ಲಾಸ್ ಮಾಡೋಣ ಅಂತ ಹೊರಟೆ.

ಮೊದಲ ಸಲ ದುಡ್ಡು ಕೇಳುವುದಕ್ಕೇ ನಾಚಿಕೆ. 199 ಇಟ್ಟೆ. 62 ಜನ ಸೇರಿದರು, 12,338 ರೂಪಾಯಿ ಬಂತು. ಎರಡು ಗಂಟೆ ಒಂದೇ ಸಮನೆ ಹೇಳಿ ಮುಗಿಸಿದಾಗ ಗೆದ್ದೆ ಅಂದುಕೊಂಡೆ. ಆಮೇಲೆ ಹತ್ತು ದಿನ ವಾಟ್ಸಾಪ್‌ನಲ್ಲಿ ಕತ್ತರಿಸಿದ ಬಟ್ಟೆಯ ಫೋಟೊಗಳು ಬರುತ್ತಲೇ ಇದ್ದವು. ಫೋಟೊದಲ್ಲಿ ಬಟ್ಟೆ ಮಡಚಿದೆಯೋ, ಸೊಟ್ಟ ಇದೆಯೋ ಒಂದೂ ತಿಳಿಯುವುದಿಲ್ಲ. ಅಂಗಡಿ ಕೆಲಸ ಬಿಟ್ಟು ಉತ್ತರ ಬರೆಯುತ್ತಾ ಕೂತಾಗ ಹೊಳೆದದ್ದು ಇಷ್ಟು: ಕಟಿಂಗ್ ಹೇಳಿಕೊಡುವ ವಿಡಿಯೊ ಪುಕ್ಕಟೆಯಾಗಿಯೇ ಬೇಕಾದಷ್ಟಿದೆ, ಇವರಿಗೆ ಬೇಕಾಗಿರುವುದು ತಮ್ಮ ಬಟ್ಟೆಯನ್ನು ಯಾರಾದರೂ ನೋಡಿ ತಪ್ಪು ಹೇಳುವುದು.

ಹಾಗಾದರೆ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು. ಒಬ್ಬರ ಕಟಿಂಗ್ ನೋಡಿ ತಿದ್ದಲು ನನಗೆ ನಾಲ್ಕು ನಿಮಿಷ ಬೇಕು. 62 ಜನರಿಗೆ 248 ನಿಮಿಷ, ಅಂದರೆ ನಾಲ್ಕು ಗಂಟೆಗೂ ಮೇಲೆ. ಒಂದು ಗಂಟೆಯಲ್ಲಿ ತಿದ್ದಬಹುದಾದದ್ದು 15 ಜನರನ್ನು. ಹೀಗೆ ಬ್ಯಾಚಿಗೆ 15 ಜನ ಎಂದು ಮೊದಲು ಗೊತ್ತುಮಾಡಿಕೊಂಡೆ, ರೇಟು ಆಮೇಲೆ. ಮೂರು ದಿನದ ಕ್ಲಾಸಿಗೆ ಮೂರು ಮಧ್ಯಾಹ್ನ ಅಂಗಡಿ ಮುಚ್ಚಿದರೆ ಹೋಗುವ ಹೊಲಿಗೆಯ ದುಡ್ಡು, ಜೂಮ್‌ನ ತಿಂಗಳ ಖರ್ಚು (ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕ್ಲಾಸು ಕಟ್ ಆಗುತ್ತದೆ) ಎಲ್ಲ ಸೇರಿಸಿ 900 ಎಂದೆ. "ಯಾರು ಕೊಡ್ತಾರೆ ಅಷ್ಟು?" ಅಂದರು ನಮ್ಮನೆಯವರು. 14 ಜನ ಕೊಟ್ಟರು. 12,600. ಹೆಚ್ಚುಕಡಿಮೆ ಅದೇ ದುಡ್ಡು, ಆದರೆ ಕ್ಲಾಸು ಮುಗಿದ ಮೇಲೆ ಫೋನು ತಣ್ಣಗಿತ್ತು.

ದುಡ್ಡು ತೆಗೆದುಕೊಳ್ಳುವ ಬಗ್ಗೆ ಒಂದು ಮಾತು. ಮೊದಲು ಅಂಗಡಿಯ ಕ್ಯೂಆರ್ ಕೋಡನ್ನೇ ಕಳಿಸುತ್ತಿದ್ದೆ. ಅದಕ್ಕೆ ಕಡಿತವಿಲ್ಲ, ನಿಜ. ಆದರೆ ಸೇರುವವರು ಒಬ್ಬರು, ದುಡ್ಡು ಬರುವುದು ಅವರ ಯಜಮಾನರ ನಂಬರಿನಿಂದ. ಯಾರದು ಬಂತು, ಯಾರದು ಇಲ್ಲ ಅಂತ ಹೊಂದಿಸುವುದರಲ್ಲೇ ಒಂದು ರಾತ್ರಿ ಹೋಯಿತು. ಈಗ ಪೇಮೆಂಟ್ ಲಿಂಕ್ ಕಳಿಸುತ್ತೇನೆ, ಅದರಲ್ಲೇ ಹೆಸರು, ವಾಟ್ಸಾಪ್ ನಂಬರ್, ಜಿಮೇಲ್ ವಿಳಾಸ ತುಂಬಬೇಕು. ನೂರಕ್ಕೆ ಎರಡು ರೂಪಾಯಿ, ಅದರ ಮೇಲೆ ಜಿಎಸ್‌ಟಿ ಮುರಿದುಕೊಳ್ಳುತ್ತಾರೆ. ಒಂದು ಬ್ಯಾಚಿಗೆ ಮುನ್ನೂರರ ಆಸುಪಾಸು. ಹೋದರೆ ಹೋಗಲಿ, ನಿದ್ದೆಯಾದರೂ ಬರುತ್ತದೆ.

ಕ್ಲಾಸು ಮಧ್ಯಾಹ್ನ ಎರಡೂವರೆಗೆ, ಮಕ್ಕಳು ಸ್ಕೂಲಿಂದ ಬರುವುದರೊಳಗೆ ಮುಗಿಯಬೇಕು. ಮೊದಲ ದಿನ ಪೇಪರ್ ಕಟಿಂಗ್, ಎರಡನೇ ದಿನ ಬಟ್ಟೆ, ಮೂರನೇ ದಿನ ಪೂರ್ತಿ ತಿದ್ದುವುದು. ಲ್ಯಾಪ್‌ಟಾಪ್ ನನ್ನ ಮುಖಕ್ಕೆ, ಹಳೆಯ ಫೋನನ್ನು ಕಟಿಂಗ್ ಟೇಬಲ್ಲಿನ ಮೇಲೆ ಕೆಳಮುಖ ಕಟ್ಟಿ ಅದೇ ಮೀಟಿಂಗಿಗೆ "ಮೇಜು" ಎಂಬ ಹೆಸರಲ್ಲಿ ಸೇರಿಸುತ್ತೇನೆ. ಆ ಫೋನಿನಲ್ಲಿ ಆಡಿಯೊ ಸೇರಿಸಲೇಬಾರದು, ಸೇರಿಸಿದರೆ ಎರಡೂ ಒಂದಕ್ಕೊಂದು ಕೇಳಿಸಿಕೊಂಡು ಕಿರ್ರೆನ್ನುತ್ತವೆ.

ಮೊದಲ ಬಾರಿ ಹೀಗೆ ಎರಡು ಕ್ಯಾಮೆರಾ ಇಟ್ಟ ದಿನ ನಡೆದದ್ದು ನೆನೆಸಿಕೊಂಡರೆ ಈಗಲೂ ಮುಜುಗರ. "ಮೇಜು" ನನ್ನ ಪರದೆಯಲ್ಲಿ ದೊಡ್ಡದಾಗಿ ಕಾಣಲಿ ಅಂತ ಅದರ ಮೇಲೆ `Pin` ಒತ್ತಿದ್ದೆ. ಎದೆಸುತ್ತಳತೆ 36, ಅದರ ಕಾಲು ಭಾಗ 9, ಹೊಲಿಗೆಗೆ ಒಂದೂವರೆ ಸೇರಿಸಿ ಎನ್ನುತ್ತಾ ಗೆರೆ ಎಳೆಯುತ್ತಿದ್ದೇನೆ. ಇಪ್ಪತ್ತು ನಿಮಿಷ ಆದ ಮೇಲೆ ಅರಸೀಕೆರೆಯವರೊಬ್ಬರು ಮೆಲ್ಲಗೆ, "ಅಕ್ಕ, ನಿಮ್ಮ ತಲೆ ಬಿಟ್ಟು ಬೇರೇನೂ ಕಾಣಿಸ್ತಿಲ್ಲ" ಅಂದರು. ನನ್ನ ಪರದೆಯಲ್ಲಿ ಮೇಜು ಚೆನ್ನಾಗಿ ಕಾಣುತ್ತಿದೆ, ಹಾಗಾಗಿ ಅವರ ನೆಟ್‌ವರ್ಕ್ ದೋಷ ಎಂದುಬಿಟ್ಟೆ. ಪಿನ್ ಮಾಡಿದ್ದು ನಮಗೆ ಮಾತ್ರ ದೊಡ್ಡದಾಗುತ್ತದೆ. ಎಲ್ಲರಿಗೂ ಕಾಣಬೇಕಾದರೆ `Spotlight for Everyone` ಒತ್ತಬೇಕು. ಮೋಸವೇನೆಂದರೆ, ಲ್ಯಾಪ್‌ಟಾಪಿನಲ್ಲೇ ಉಳಿಯುವ ರೆಕಾರ್ಡಿಂಗ್ ನನ್ನ ಪಿನ್ ಅನ್ನೇ ಹಿಡಿದಿತ್ತು. ರೆಕಾರ್ಡಿಂಗ್ ನೋಡಿದರೂ ತಪ್ಪು ಗೊತ್ತಾಗುವ ಹಾಗಿರಲಿಲ್ಲ. ಈಗ ನನ್ನ ಓರಗಿತ್ತಿ ಅವಳ ಮನೆಯಿಂದ ವಿದ್ಯಾರ್ಥಿಯ ಹಾಗೇ ಸೇರುತ್ತಾಳೆ, ಅವಳ ಪರದೆಯಲ್ಲಿ ಟೇಪಿನ ಅಂಕಿ ಓದಲು ಬಂದರೆ ಮಾತ್ರ ಶುರು. ಅವಳನ್ನೇ ಕೋ-ಹೋಸ್ಟ್ ಮಾಡಿರುವುದರಿಂದ ನಮ್ಮಲ್ಲಿ ಕರೆಂಟ್ ಹೋದರೂ ಕ್ಲಾಸು ಚದುರುವುದಿಲ್ಲ.

ತಿದ್ದುವ ದಿನದ ಕೆಲಸ ಹೇಳಬೇಕು. ಕಟೋರಿಯನ್ನು ಬಟ್ಟೆಯ ಕ್ರಾಸ್‌ನಲ್ಲಿ, ಅಂದರೆ ನೂಲಿಗೆ ಓರೆಯಾಗಿ ಕತ್ತರಿಸಬೇಕು, ಬಟ್ಟೆ ಉಳಿಸುವ ಆಸೆಗೆ ನೇರವಾಗಿ ಕತ್ತರಿಸುವವರೇ ಹೆಚ್ಚು. ಅಂಗಡಿಯಲ್ಲಾದರೆ ಕೈಯಲ್ಲಿ ಹಿಡಿದರೆ ತಿಳಿಯುತ್ತದೆ. ಕ್ಯಾಮೆರಾದಲ್ಲಿ ಹೇಗೆ? ಕಟೋರಿಯ ಮೇಲಿನ ತುದಿ, ಕೆಳಗಿನ ತುದಿ ಹಿಡಿದು ಕ್ಯಾಮೆರಾ ಮುಂದೆ ಎಳೆಯಿರಿ ಎನ್ನುತ್ತೇನೆ. ಕ್ರಾಸ್ ಇದ್ದರೆ ಹಿಗ್ಗುತ್ತದೆ, ನೇರವಿದ್ದರೆ ಬಿಗಿಯಾಗಿ ನಿಲ್ಲುತ್ತದೆ. 14ರಲ್ಲಿ ಐವರದ್ದು ಬಿಗಿಯಾಗಿಯೇ ನಿಂತಿತು. ಒಬ್ಬರ ತಪ್ಪನ್ನು ಉಳಿದವರು ನೋಡುತ್ತಾ ತಮ್ಮದನ್ನೂ ಎಳೆದು ನೋಡಿಕೊಳ್ಳುತ್ತಾರೆ.

ರೆಕಾರ್ಡಿಂಗ್ ವಿಷಯಕ್ಕೆ ಬಂದರೆ, ಮೊದಲ ಬ್ಯಾಚಿಗೆ ಯೂಟ್ಯೂಬ್‌ನಲ್ಲಿ `Unlisted` ಇಟ್ಟು ಲಿಂಕ್ ಕೊಟ್ಟೆ. ಅದು ಹುಡುಕಿದರೆ ಸಿಗುವುದಿಲ್ಲ ಅಷ್ಟೆ, ಲಿಂಕ್ ಇದ್ದವರೆಲ್ಲ ನೋಡಬಹುದು. ವಾರದೊಳಗೆ ನನಗೆ ಗೊತ್ತಿಲ್ಲದ ಹೊಲಿಗೆ ಗುಂಪಿನಲ್ಲಿ ಅದೇ ಲಿಂಕು. ದುಡ್ಡು ಹೋದದ್ದಕ್ಕಿಂತ ಬೇರೊಂದಕ್ಕೆ ನನ್ನ ಎದೆ ಧಸಕ್ಕೆಂದಿತು. ಅದರಲ್ಲಿ ಹೆಂಗಸರು ತಮ್ಮ ಎದೆಸುತ್ತಳತೆ, ಸೊಂಟದ ಅಳತೆ ಬಾಯಿಬಿಟ್ಟು ಹೇಳಿದ್ದರು, ಹೆಸರು ಮುಖ ಸಮೇತ. ಅಂದೇ ತೆಗೆದುಹಾಕಿದೆ.

ಅಂದಿನಿಂದ ಅಳತೆಗಳು ವಾಟ್ಸಾಪ್‌ನಲ್ಲಿ ನನಗೊಬ್ಬಳಿಗೇ ಬರುತ್ತವೆ. ಪಾಠ ರೆಕಾರ್ಡ್ ಆಗುತ್ತದೆ, ತಿದ್ದುವುದು ಆಗುವುದಿಲ್ಲ. ಎರಡನೇ ದಿನ ಯಾರಾದರೂ ನಡುವೆ ಬಟ್ಟೆ ತೋರಿಸಿದರೆ ಅಷ್ಟು ಹೊತ್ತು `Pause Recording` ಒತ್ತುತ್ತೇನೆ. ಒಮ್ಮೆ ಮತ್ತೆ ಶುರುಮಾಡಲು ಮರೆತು ಅರ್ಧ ಗಂಟೆ ಪಾಠ ಹೋಯಿತು, ಭಾನುವಾರ ಒಬ್ಬಳೇ ಕೂತು ಆ ಭಾಗ ಹೊಸದಾಗಿ ಮಾಡಿಕೊಟ್ಟೆ. ಫೈಲು ಗೂಗಲ್ ಡ್ರೈವ್‌ನಲ್ಲಿರುತ್ತದೆ. ಲಿಂಕ್ ಎಲ್ಲರಿಗೂ ತೆರೆದಿಡದೆ, ಫಾರಂನಲ್ಲಿ ಕೊಟ್ಟ ಜಿಮೇಲ್‌ಗಳನ್ನೇ ಒಂದೊಂದಾಗಿ ಸೇರಿಸುತ್ತೇನೆ, ಡೌನ್‌ಲೋಡ್ ಬಂದ್. 30 ದಿನಕ್ಕೆ ಹೆಸರುಗಳನ್ನು ತೆಗೆಯುತ್ತೇನೆ. ಇನ್ನೊಂದು ಫೋನಿನಿಂದ ಪರದೆಯನ್ನೇ ಹಿಡಿದುಕೊಳ್ಳುವವರನ್ನು ತಡೆಯಲಾಗದು. ಹಿಡಿದರೂ ಅದರಲ್ಲಿ ಸಿಗುವುದು ನನ್ನ ಕೈ, ನನ್ನ ಕತ್ತರಿ.

ತಿದ್ದುವುದು ರೆಕಾರ್ಡ್ ಆಗುವುದಿಲ್ಲ ಎಂದು ಸೇರುವ ಮೊದಲೇ ಬರೆದು ತಿಳಿಸಬೇಕು, ಇಲ್ಲವಾದರೆ ಜಗಳ. ಸಕಲೇಶಪುರದ ಕಡೆಯವರೊಬ್ಬರಿಗೆ ಮಳೆಯಲ್ಲಿ ಮೂರನೇ ದಿನ ನೆಟ್‌ವರ್ಕೇ ಇರಲಿಲ್ಲ. ಅಂಥವರು ಮುಂದಿನ ಬ್ಯಾಚಿನ ಮೂರನೇ ದಿನಕ್ಕೆ ಒಂದು ಸಲ ಬಿಟ್ಟಿಯಾಗಿ ಬರಬಹುದು. 15ರ ಬ್ಯಾಚಿಗೆ 14ನ್ನೇ ತುಂಬುವುದು ಈಗ ಅದಕ್ಕೇ. ಅವರು ಬಂದರು, ಕಟೋರಿ ಹಿಡಿದು ಎಳೆದರು. ಹಿಗ್ಗಲಿಲ್ಲ.

"ಬೇರೆ ಬಟ್ಟೆ ಇದೆಯಾ?" ಅಂದೆ.

"ಎರಡು ಇಟ್ಕೊಂಡಿದ್ದೀನಿ ಅಕ್ಕ, ರೆಕಾರ್ಡಿಂಗ್‌ನಲ್ಲಿ ನೀವೇ ಹೇಳಿದ್ರಲ್ಲ."