2016ಕ್ಕೆ ಬಿಟ್ಟೆ, 2022ಕ್ಕೆ ವಾಪಸ್: ಅಕೌಂಟ್ಸ್ ಲೈನ್‌ಗೆ ಮರಳಿದ ನನ್ನ ಅನುಭವ

ನಾನು ಕೆಲಸ ಬಿಟ್ಟಾಗ ವ್ಯಾಟ್ ಕಾಲ, ವಾಪಸ್ ಬರೋಷ್ಟರಲ್ಲಿ ಜಿಎಸ್‌ಟಿ ಬಂದು ಐದು ವರ್ಷ. ಎಲ್ಲರೂ ಹೇಳಿದ್ದು ಒಂದೇ, "ಪ್ರೊಫೈಲಲ್ಲಿ ಆ ಆರು ವರ್ಷಕ್ಕೂ ಫ್ರೀಲ್ಯಾನ್ಸ್ ಅಂತ ಹಾಕ್ಬಿಡು, ಯಾರು ಕೇಳ್ತಾರೆ." ನಾನು ಹಾಕ್ಲಿಲ್ಲ. ಪಿಎಫ್ ಹಿಸ್ಟರಿಲಿ ಬಿಟ್ಟ ತಾರೀಖು ಇದ್ದೇ ಇರುತ್ತೆ, ಮೇಲಿಂದ ಯಾರಾದ್ರೂ 2017ರಲ್ಲಿ ವ್ಯಾಟ್ ಕ್ರೆಡಿಟ್‌ನ ಜಿಎಸ್‌ಟಿಗೆ ತರೋ TRAN-1 ಫಾರ್ಮ್ ಹೇಗೆ ಮಾಡಿದ್ರಿ ಅಂದ್ರೆ ಏನ್ ಹೇಳ್ಲಿ?

ಮೊದಲು ಫ್ರೀಲ್ಯಾನ್ಸ್ ಕೆಲಸ ಸಿಗೋ ಫಾರಿನ್ ಸೈಟ್‌ಗಳಲ್ಲಿ ಬಿಡ್ ಹಾಕಿ ಎರಡ್ಮೂರು ಸಾವಿರ ಕಳ್ಕೊಂಡೆ, ಒಂದು ರಿಪ್ಲೈನೂ ಇಲ್ಲ. ಆಮೇಲೆ ಊರಲ್ಲೇ ನೋಡ್ದೆ. 2022 ಜನವರಿಯಿಂದ GSTR-2B, ಅಂದ್ರೆ ಸಪ್ಲೈಯರ್ಸ್ ಪೋರ್ಟಲ್‌ಗೆ ಹಾಕಿದ ಬಿಲ್‌ಗಳ ಪಟ್ಟೀಲಿ ಕಾಣದ ಬಿಲ್‌ಗೆ ಐಟಿಸಿ, ಅಂದ್ರೆ ಖರೀದಿ ಮೇಲೆ ಕೊಟ್ಟ ತೆರಿಗೆಯ ಕ್ರೆಡಿಟ್ ಇಲ್ಲ ಅಂತಾಯ್ತಲ್ಲ, ಅಂಗಡಿಯವ್ರಿಗೆ ಅದೇ ತಲೆನೋವು. 14ಕ್ಕೆ 2B ಬರುತ್ತೆ, 20ಕ್ಕೆ ತೆರಿಗೆ ಕಟ್ಟೋ 3B ರಿಟರ್ನ್. ಆ ಆರು ದಿನ ಆಡಿಟರ್ ಆಫೀಸ್‌ನೋರು ಫೋನೇ ಎತ್ತಲ್ಲ. ಅಂಗಡಿ ಬಿಲ್ಲನ್ನ 2B ಜೊತೆ ತಾಳೆ ನೋಡೋಕೆ, ಮಗು ಸ್ಕೂಲಿಗೆ ಹೋದ್ಮೇಲೆ ನನಗೆ ಅಷ್ಟೇ ಟೈಮ್ ಸಾಕಾಗಿತ್ತು.

ದಾವಣಗೆರೆಯ ಒಂದು ಟೈಲ್ಸ್ ಅಂಗಡಿ ಮೊದಲ ಕೆಲಸ, 1,500 ರೂಪಾಯಿ. ಸುಮಾರು 180 ಪರ್ಚೇಸ್ ಬಿಲ್ಲಲ್ಲಿ ಇಪ್ಪತ್ತು ಚಿಲ್ಲರೆ 2Bಲಿ ಇಲ್ಲ, 38 ಸಾವಿರದ ಹತ್ರ ಐಟಿಸಿ ಸಿಕ್ಕಾಕೊಂಡಿತ್ತು. ಒಂದಿಷ್ಟು ಬಿಲ್ ನಂಬರ್ ಟೈಪಿಂಗ್ ವ್ಯತ್ಯಾಸ ಅಷ್ಟೆ, ಇವ್ರ ಟ್ಯಾಲಿಲಿ 45, ಅವ್ರದ್ರಲ್ಲಿ 045/22-23. ಏಳೆಂಟು ಬಿಲ್ ತ್ರೈಮಾಸಿಕ ರಿಟರ್ನ್‌ನೋರದ್ದು, ಅವ್ರು ತಿಂಗಳ ಬಿಲ್ ಮೊದಲೇ ತೋರ್ಸೋ IFF ಹಾಕಿರ್ಲಿಲ್ಲ, ಕ್ವಾರ್ಟರ್ ಮುಗಿದ್ಮೇಲೆ ತಾನಾಗೇ ಬರುತ್ತೆ, ಅಂಥವ್ರ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ. ಇಬ್ಬರು ಸಪ್ಲೈಯರ್ಸ್ ಮಾತ್ರ ನಮ್ಮ ಬಿಲ್ಲನ್ನ ಜಿಎಸ್‌ಟಿ ನಂಬರ್ ಇಲ್ಲದ ಗ್ರಾಹಕರ B2Cಗೆ ಹಾಕಿದ್ರು. ಅವ್ರು ತಿದ್ದೋವರೆಗೂ ಮುಂದಿನ ಪೇಮೆಂಟ್ ತಡೀರಿ ಅಂದೆ, ಮುಂದಿನ ತಿಂಗಳು ಬಂತು ನೋಡಿ! ನಂಬರ್ ಮ್ಯಾಚ್ ಮಾಡೋಕೆ ನಾನು ಎಕ್ಸೆಲ್‌ನಲ್ಲಿ ಮಾಡ್ಕೊಂಡಿರೋ ಕೀ ಇದೆ, ಅದು ಇಲ್ಲಿ ಬರೆಯಲ್ಲ, ಅದೇ ನನ್ನ ಹೊಟ್ಟೆಪಾಡು.

ಒಬ್ಬ ಪಾರ್ಟಿ ಮೂರು ತಿಂಗಳ ದುಡ್ಡು ನುಂಗಿದ. ಅವತ್ತಿಂದ ತಾಳೆ ಶೀಟ್ ಕೊಡೋಕೆ ಮುಂಚೆ ಅರ್ಧ ಅಡ್ವಾನ್ಸ್. ವರ್ಷದೊಳಗೆ ಐದು ಕ್ಲೈಂಟ್, ತಿಂಗಳಿಗೆ ತಲಾ ನಾಲ್ಕು ಸಾವಿರ.

ಪ್ರೊಫೈಲಲ್ಲಿ ಎರಡು ಎಂಟ್ರಿ ಬೇರೆ ಬೇರೆ ಮಾಡ್ದೆ. 2016–2022 ಕರಿಯರ್ ಬ್ರೇಕ್, ಮಗು ಮತ್ತು ಮನೆ, ಒಂದೇ ಸಾಲು, ಸಮರ್ಥನೆ ಇಲ್ಲ. ಅದ್ರ ಮೇಲೆ 2022ರಿಂದ ಫ್ರೀಲ್ಯಾನ್ಸ್, "ತಿಂಗಳಿಗೆ 6-7 ದಿನ, 2B ತಾಳೆ, ಐದು ಅಂಗಡಿ" ಅಂತ. ಫುಲ್‌ಟೈಮ್ ಅನ್ನೋ ಥರ ಊದಿಸ್ಲಿಲ್ಲ, ಯಾಕಂದ್ರೆ ವೆರಿಫಿಕೇಶನ್‌ಗೆ ಕೇಳಿದ್ರೆ ತೋರ್ಸೋಕೆ ಇನ್‌ವಾಯ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಇರೋದು ಅಷ್ಟಕ್ಕೇ.

ಇಂಟರ್‌ವ್ಯೂಲಿ "ಜಿಎಸ್‌ಟಿ ಬಂದಾಗ ನೀವು ಇರ್ಲಿಲ್ಲ ಅಲ್ವಾ ಮೇಡಂ" ಅಂದ್ರು. "ಇರ್ಲಿಲ್ಲ ಸರ್, TRAN-1 ಗೊತ್ತಿಲ್ಲ" ಅಂತ ಹೇಳಿ, ಅಂಗಡಿಯವ್ರನ್ನ ಕೇಳಿ ಹೆಸರು, GSTIN ಅಳಿಸಿಟ್ಟಿದ್ದ ಶೀಟ್ ಮುಂದಿಟ್ಟೆ. ಅರ್ಧ ಗಂಟೆ ಅದ್ರ ಮೇಲೇ ಮಾತು. ಸಂಬಳ ಮಾತ್ರ ಗ್ಯಾಪ್ ನೋಡಿ 18 ಸಾವಿರ ಅಂದ್ರು, ಆರು ದಿನಕ್ಕೆ ನನಗೆ ಇಪ್ಪತ್ತು ಬರ್ತಿದೆ ಅಂತ ಸ್ಟೇಟ್‌ಮೆಂಟ್ ತೋರ್ಸಿ 32ಕ್ಕೆ ಒಪ್ಪಿಸ್ದೆ.