ಡಾಲರ್ ಏರಿದಾಗ ಕಂಪನಿಯ ಲಾಭ ಎಷ್ಟು ಬದಲಾಗುತ್ತದೆ? ಲೆಕ್ಕ ಹಾಕುವುದು ಹೀಗೆ

ರೂಪಾಯಿ ಇಳಿದರೆ ಸಾಫ್ಟ್‌ವೇರ್ ರಫ್ತು ಮಾಡುವವರಿಗೆ ಲಾಭ, ಎಣ್ಣೆಯನ್ನೋ ಬಿಡಿಭಾಗಗಳನ್ನೋ ಆಮದು ಮಾಡುವವರಿಗೆ ನಷ್ಟ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಎಷ್ಟು ಲಾಭ, ಎಷ್ಟು ನಷ್ಟ, ಅದು ಯಾವಾಗ ಕಾಣಿಸುತ್ತದೆ ಎಂಬುದನ್ನು ಒಂದು ಹಾಳೆಯ ಮೇಲೆ ನಾವೇ ಅಂದಾಜು ಮಾಡಬಹುದು. ಲೆಕ್ಕಕ್ಕೆ ಅನುಕೂಲವಾಗಲೆಂದು ಡಾಲರ್ 80 ರೂಪಾಯಿಯಿಂದ 84ಕ್ಕೆ, ಅಂದರೆ ಶೇ 5ರಷ್ಟು ಏರಿತು ಎಂದುಕೊಳ್ಳೋಣ.

ಮೊದಲು, ಡಾಲರ್ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ನೋಡಿ

ಒಂದು ಸಾಫ್ಟ್‌ವೇರ್ ಕಂಪನಿಗೆ 100 ಡಾಲರ್ ಆದಾಯ ಬರುತ್ತದೆ. ವಿದೇಶದಲ್ಲಿ ಕೆಲಸ ಮಾಡುವ ಸಿಬ್ಬಂದಿಗೆ 25 ಡಾಲರ್ ಖರ್ಚು. ಇಲ್ಲಿನ ಸಂಬಳ, ಕಚೇರಿ ವೆಚ್ಚ ಎಲ್ಲ ಸೇರಿ 4,800 ರೂಪಾಯಿ. ಹಳೆಯ ದರದಲ್ಲಿ ಆದಾಯ 8,000, ವೆಚ್ಚ 6,800, ಉಳಿಯುವುದು 1,200 ರೂಪಾಯಿ.

ಹೊಸ ದರದಲ್ಲಿ ಆದಾಯ 8,400 ಆಗುತ್ತದೆ. ವಿದೇಶದ ಖರ್ಚು 2,000ದಿಂದ 2,100ಕ್ಕೆ ಏರುತ್ತದೆ, ಇಲ್ಲಿನ ಸಂಬಳ ಇದ್ದಷ್ಟೇ ಇರುತ್ತದೆ. ಲಾಭ 1,500. ಡಾಲರ್ ಏರಿದ್ದು ಶೇ 5, ಲಾಭ ಏರಿದ್ದು ಶೇ 25! ಗಮನಿಸಬೇಕಾದ ಸಂಖ್ಯೆ 100 ಡಾಲರ್ ಅಲ್ಲ. ಬಂದದ್ದರಲ್ಲಿ ಹೋದದ್ದನ್ನು ಕಳೆದು ಉಳಿದ 75 ಡಾಲರ್. ಅದನ್ನು 4 ರೂಪಾಯಿಯಿಂದ ಗುಣಿಸಿದರೆ ಹೆಚ್ಚುವರಿ 300 ರೂಪಾಯಿ ನೇರವಾಗಿ ಸಿಗುತ್ತದೆ.

ಈಗ ಬಿಡಿಭಾಗ ತರಿಸಿ ಜೋಡಿಸಿ, ದೇಶದೊಳಗೇ ಮಾರುವ ಕಂಪನಿಯನ್ನು ತೆಗೆದುಕೊಳ್ಳಿ. ಮಾರಾಟ 8,000 ರೂಪಾಯಿ, ಬಿಡಿಭಾಗಕ್ಕೆ 50 ಡಾಲರ್, ಇತರ ವೆಚ್ಚ 3,200 ರೂಪಾಯಿ. ಹಳೆಯ ದರದಲ್ಲಿ 800 ರೂಪಾಯಿ ಲಾಭವಿತ್ತು. ಬಿಡಿಭಾಗದ ಬಿಲ್ 4,000ದಿಂದ 4,200ಕ್ಕೆ ಏರಿದಾಗ ಲಾಭ 600ಕ್ಕೆ ಕುಸಿಯುತ್ತದೆ. ಇಲ್ಲೂ ಶೇ 25, ಆದರೆ ಕೆಳಮುಖವಾಗಿ. ಮಾರ್ಜಿನ್ ತೆಳುವಾಗಿದ್ದಷ್ಟೂ ಈ ಪೆಟ್ಟು ಜೋರು.

ನಂತರ, ಡಾಲರ್ ಮೊದಲೇ ಮಾರಾಟವಾಗಿದೆಯೇ ಕೇಳಿ

ರಫ್ತುದಾರರು ಮುಂದೆ ಬರಬೇಕಾದ ಡಾಲರ್‌ಗಳಲ್ಲಿ ಒಂದು ಪಾಲನ್ನು ಫಾರ್ವರ್ಡ್ ಒಪ್ಪಂದದ ಮೂಲಕ ಮುಂಚೆಯೇ ಬ್ಯಾಂಕಿಗೆ ಮಾರಿರುತ್ತಾರೆ. ನಮ್ಮ ಸಾಫ್ಟ್‌ವೇರ್ ಕಂಪನಿ ಆ 75 ಡಾಲರ್‌ಗಳಲ್ಲಿ 50ನ್ನು 81 ರೂಪಾಯಿಗೆ ಮಾರಿದ್ದರೆ, ಅವುಗಳ ಮೇಲೆ ಸಿಗುವುದು ತಲಾ 1 ರೂಪಾಯಿ ಮಾತ್ರ. ಉಳಿದ 25 ಡಾಲರ್‌ಗೆ ಪೂರ್ತಿ 4 ರೂಪಾಯಿ. ಒಟ್ಟು ಹೆಚ್ಚಳ 300ರ ಬದಲು 150. ಹೆಚ್ಚಿನವರು ತಪ್ಪುವುದು ಇಲ್ಲೇ: ರೂಪಾಯಿ ಇಷ್ಟು ಬಿದ್ದರೂ ಲಾಭ ಯಾಕೆ ಏರಲಿಲ್ಲ ಎಂದು ಕೇಳುತ್ತಾರೆ. ಹಳೆಯ ಒಪ್ಪಂದಗಳು ಮುಗಿದು, ಹೊಸ ದರದಲ್ಲಿ ಹೊಸವು ಶುರುವಾದ ಮೇಲಷ್ಟೇ ಪೂರ್ತಿ ಫಲ ಕಾಣುತ್ತದೆ. ಅಷ್ಟರೊಳಗೆ ಗ್ರಾಹಕರು ದರ ಕಡಿಮೆ ಮಾಡಿ ಎಂದು ಕೇಳಬಹುದು, ಸಂಬಳವೂ ಏರಬಹುದು.

ಆಮದುದಾರರಿಗೆ ಬೆಲೆ ಏರಿಸುವ ಶಕ್ತಿ ಇದೆಯೇ?

ನಮ್ಮ ಜೋಡಣೆ ಕಂಪನಿ ಕಳೆದುಕೊಂಡ 200 ರೂಪಾಯಿಯನ್ನು ವಾಪಸ್ ಪಡೆಯಲು ಬೆಲೆಯನ್ನು ಶೇ 2.5 ಏರಿಸಿದರೆ ಸಾಕು, ಮಾರಾಟದ ಪ್ರಮಾಣ ಕುಗ್ಗದಿದ್ದರೆ. ಪೈಪೋಟಿ ಬಿಗಿಯಾಗಿದ್ದರೆ ಅದೂ ಕಷ್ಟ. ಗೋದಾಮಿನಲ್ಲಿ ಹಳೆಯ ದರಕ್ಕೆ ಕೊಂಡ ಸರಕು ಇರುವವರೆಗೆ ಪೆಟ್ಟು ಕಾಣುವುದಿಲ್ಲ. ಅದು ಮುಂದಿನ ತ್ರೈಮಾಸಿಕದಲ್ಲಿ ಬಂದು ಬೀಳುತ್ತದೆ.

ಎಣ್ಣೆಯ ವಿಷಯದಲ್ಲಿ ಎರಡು ಬೆಲೆಗಳನ್ನು ಒಟ್ಟಿಗೆ ನೋಡಬೇಕು. ಬ್ಯಾರೆಲ್‌ಗೆ 80 ಡಾಲರ್ ಇದ್ದಾಗ ಖರ್ಚು 6,400 ರೂಪಾಯಿ. ಕಚ್ಚಾ ತೈಲ 76 ಡಾಲರ್‌ಗೆ ಇಳಿದರೆ, ರೂಪಾಯಿ ಬಿದ್ದ ಮೇಲೂ 6,384. ಹೊರೆ ಏರಲೇ ಇಲ್ಲ. ಎರಡೂ ಒಟ್ಟಿಗೆ ಏರಿದಾಗಲೇ ನಿಜವಾದ ಸಂಕಟ. ಇನ್ನೊಂದು ಮಾತು: ತಾನು ಮಾರುವ ಇಂಧನದ ಬೆಲೆಯೂ ಡಾಲರ್ ದರಕ್ಕೆ ಹೊಂದಿಕೊಂಡಿದ್ದರೆ ಶುದ್ಧೀಕರಣ ಘಟಕಕ್ಕೆ ಅಷ್ಟು ನೋವಾಗದು. ಇಂಧನ ಉರಿಸಿ ಟಿಕೆಟ್ಟನ್ನು ರೂಪಾಯಿಯಲ್ಲಿ ಮಾರುವ ವಿಮಾನಯಾನ ಕಂಪನಿಗೆ ಆ ರಕ್ಷಣೆ ಇಲ್ಲ. ವಿಮಾನಗಳ ಬಾಡಿಗೆಯೂ ಡಾಲರ್‌ನಲ್ಲಿದ್ದರೆ ಹೊಡೆತ ಇಮ್ಮಡಿ.

ಕೊನೆಗೆ, ವಾರ್ಷಿಕ ವರದಿ ತೆರೆಯಿರಿ

ಸಾಫ್ಟ್‌ವೇರ್ ಕಂಪನಿಯಲ್ಲಿ ಸ್ಥಿರ ಕರೆನ್ಸಿ ಲೆಕ್ಕದ, ಅಂದರೆ ವಿನಿಮಯ ದರ ಬದಲಾಗಿಲ್ಲ ಎಂದುಕೊಂಡು ಎಣಿಸಿದ ಬೆಳವಣಿಗೆಯನ್ನು ಹುಡುಕಿ. ರೂಪಾಯಿಯಲ್ಲಿ ಶೇ 6, ಸ್ಥಿರ ಕರೆನ್ಸಿಯಲ್ಲಿ ಶೇ 1 ಎಂದಿದ್ದರೆ ವ್ಯವಹಾರ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಆಮದುದಾರರಲ್ಲಿ ವಿದೇಶಿ ಸಾಲ ಎಷ್ಟಿದೆ ನೋಡಿ: ಒಂದು ಪೈಸೆ ಮರುಪಾವತಿ ಮಾಡದಿದ್ದರೂ, ಲೆಕ್ಕ ಮುಗಿಸುವ ದಿನದ ದರದಲ್ಲಿ ಸಾಲವನ್ನು ಮತ್ತೆ ಎಣಿಸಬೇಕು, ಸಾಮಾನ್ಯವಾಗಿ ಆ ವ್ಯತ್ಯಾಸ ಲಾಭದಿಂದ ಕಳೆದುಹೋಗುತ್ತದೆ. ಕರೆನ್ಸಿ ಬದಲಾದರೆ ಲಾಭಕ್ಕೆ ಏನಾಗುತ್ತದೆ ಎಂಬ ಟಿಪ್ಪಣಿಯೂ ವರದಿಯಲ್ಲಿ ಇರುತ್ತದೆ. ಅದು ಆ ದಿನ ಬಾಕಿ ಇದ್ದ ಬಿಲ್, ಸಾಲ, ಒಪ್ಪಂದಗಳಿಗೆ ಮಾತ್ರ ಅನ್ವಯ. ಮುಂದಿನ ವರ್ಷದ ಆದಾಯ, ಖರೀದಿ ಅದರಲ್ಲಿ ಸೇರಿರುವುದಿಲ್ಲ. ಅದಕ್ಕೆ ಮೇಲಿನ 75 ಮತ್ತು 50 ಡಾಲರ್‌ಗಳಂಥ ಲೆಕ್ಕವನ್ನೇ ಹಾಕಬೇಕು.