45 ಬಂದಾಗ 40 ಮೇಲೇರುತ್ತದೆ: ಎವಿಎಲ್ ಟ್ರೀ ನಾನು ಬಿಡಿಸುವ ಕ್ರಮ

ಎವಿಎಲ್ ಟ್ರೀ ಅಂದರೆ ಪ್ರತಿ ಸಂಖ್ಯೆಯ ಎಡಕ್ಕೆ ಚಿಕ್ಕದು, ಬಲಕ್ಕೆ ದೊಡ್ಡದು ಇರುವ, ಒಂದು ಕಡೆ ವಾಲಿದರೆ ನೋಡ್‌ಗಳನ್ನು ತಿರುಗಿಸಿ ಸರಿಮಾಡುವ ಮರ. ಅದರ ಪಾಠವನ್ನು ಹೆಚ್ಚಿನವರು 10, 20, 30 ಹಾಕಿ ಶುರು ಮಾಡುತ್ತಾರೆ. ಒಂದು ರೊಟೇಶನ್ ಆಗುತ್ತದೆ, 20 ಮೇಲೆ ಬರುತ್ತದೆ, ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಆ ಮೂರು ಸಂಖ್ಯೆಗಳಲ್ಲಿ ನಿಜವಾದ ತೊಡಕು ಕಾಣುವುದೇ ಇಲ್ಲ. ತಿರುಗಿಸುವಾಗ ನಡುವೆ ಸಿಕ್ಕಿಬೀಳುವ ಮಗು ಎಲ್ಲಿಗೆ ಹೋಗುತ್ತದೆ? ಪ್ರಶ್ನೆ ಇರುವುದೇ ಅಲ್ಲಿ.

ನಾನು ಮಂಗಳೂರಿನಿಂದ ಉಡುಪಿಗೆ ಬಸ್ಸಲ್ಲಿ ಹೋಗಿ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ನಡೆಸುವವನು. ಲ್ಯಾಬಿಗೆ ಕೊಡುವ ಸರಣಿಗಳನ್ನು ಬಸ್ಸಲ್ಲೇ ಚೀಟಿಯ ಮೇಲೆ ಬಿಡಿಸಿ ನೋಡುತ್ತೇನೆ. ಅದರಲ್ಲಿ ಉಳಿದುಕೊಂಡದ್ದು ಇದು: 40, 20, 10, 60, 50, 45. ಆರೇ ಸಂಖ್ಯೆ. ಸುರತ್ಕಲ್‌ನಲ್ಲಿ ಶುರು ಮಾಡಿದರೆ ಮುಲ್ಕಿ ಬರುವಷ್ಟರಲ್ಲಿ ಮುಗಿಯುತ್ತದೆ.

ಲೆಕ್ಕ ಹೀಗೆ. ಮಕ್ಕಳಿಲ್ಲದ ನೋಡ್‌ನ ಎತ್ತರ 1, ಖಾಲಿ ಜಾಗದ ಎತ್ತರ 0. ಎಡದ ಎತ್ತರದಿಂದ ಬಲದ ಎತ್ತರ ಕಳೆದರೆ ಬ್ಯಾಲೆನ್ಸ್. ಅದು -1, 0, +1 ಇದ್ದರೆ ಪರವಾಗಿಲ್ಲ, ಅದಕ್ಕಿಂತ ಆಚೆ ಹೋದರೆ ತಿರುಗಿಸಬೇಕು. 1962ರಲ್ಲಿ ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ ಇಟ್ಟ ನಿಯಮ ಇಷ್ಟೇ. ಎವಿಎಲ್ ಎನ್ನುವುದು ಅವರಿಬ್ಬರ ಹೆಸರಿನ ಅಕ್ಷರಗಳು.

ಮೊದಲ ಮೂರು ಸಂಖ್ಯೆಗಳು ಸುಲಭ. 40ರ ಎಡಕ್ಕೆ 20, ಅದರ ಎಡಕ್ಕೆ 10. ಈಗ 40ರ ಬ್ಯಾಲೆನ್ಸ್ +2. ದಾರಿ ಎಡ-ಎಡ, ಅಂದರೆ ನೇರ. ಬಲಕ್ಕೆ ಒಂದು ಸಲ ತಿರುಗಿಸಿದರೆ 20 ಮೇಲೆ, ಕೆಳಗೆ 10 ಮತ್ತು 40. ಆಮೇಲೆ 60 ಸುಮ್ನೆ 40ರ ಬಲಕ್ಕೆ ಹೋಗಿ ಕೂರುತ್ತದೆ, ಯಾರಿಗೂ ತೊಂದರೆ ಇಲ್ಲ.

50 ಬಂದಾಗ ದಾರಿ ಡೊಂಕಾಗುತ್ತದೆ. ಅದು 60ರ ಎಡಕ್ಕೆ ಸೇರುತ್ತದೆ. ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಬನ್ನಿ: 60ರಲ್ಲಿ +1, 40ರಲ್ಲಿ -2. ಅಲ್ಲೇ ನಿಲ್ಲಬೇಕು. ಮೇಲೆ 20ರಲ್ಲೂ -2 ಕಾಣುತ್ತದೆ, ಆದರೆ ಅದನ್ನು ಮುಟ್ಟಬಾರದು. ಹೊಸ ಸಂಖ್ಯೆ ಸೇರಿದ ಜಾಗದಿಂದ ಮೇಲೇರುವಾಗ ಮೊದಲು ಸಿಗುವ ಕೆಟ್ಟ ನೋಡ್ ಯಾವುದೋ ಅದನ್ನೇ ಸರಿಮಾಡಬೇಕು. 40ರಿಂದ ದಾರಿ ಬಲ-ಎಡ. ಮೊದಲು 60ನ್ನು ಬಲಕ್ಕೆ, ಆಮೇಲೆ 40ನ್ನು ಎಡಕ್ಕೆ ತಿರುಗಿಸಿದಾಗ 50 ಮೇಲೆ ಬರುತ್ತದೆ. 20ರ ದೋಷವೂ ತಾನಾಗಿಯೇ ಹೋಗಿರುತ್ತದೆ.

```
    20
   /  \
 10    50
      /  \
    40    60
```

ಇಲ್ಲಿಯವರೆಗೆ ತಿರುಗಿದ ನೋಡ್‌ಗಳ ನಡುವೆ ಯಾವ ಮಗುವೂ ಇರಲಿಲ್ಲ. ಈಗ 45 ಹಾಕೋಣ. 20ರಿಂದ ಬಲಕ್ಕೆ, 50ರಿಂದ ಎಡಕ್ಕೆ, 40ರ ಬಲಕ್ಕೆ ಅದರ ಜಾಗ. ಮೇಲೇರುತ್ತಾ ನೋಡಿದರೆ 40ರಲ್ಲಿ -1, 50ರಲ್ಲಿ +1, 20ರಲ್ಲಿ -2. ಸರಿಮಾಡಬೇಕಾದದ್ದು ಬೇರನ್ನೇ.

ಇಲ್ಲಿ ವಿದ್ಯಾರ್ಥಿಗಳು ಅವಸರ ಮಾಡುತ್ತಾರೆ. "ಬಲಗಡೆ ಜಾಸ್ತಿ ಉಂಟಲ್ಲ ಸರ್, ಎಡಕ್ಕೆ ತಿರುಗಿಸಿದರೆ ಆಯ್ತಲ್ಲ?" ಅಂತ ಕೇಳುತ್ತಾರೆ. ನಾನು ಬೇಡ ಅನ್ನುವುದಿಲ್ಲ, ಬೋರ್ಡಿಗೆ ಬಂದು ಮಾಡಿ ಅನ್ನುತ್ತೇನೆ. 50 ಮೇಲೆ ಬರುತ್ತದೆ, 20 ಅದರ ಎಡಕ್ಕೆ ಇಳಿಯುತ್ತದೆ. 50ರ ಎಡಕ್ಕಿದ್ದ 40 ತನ್ನ 45ರ ಸಮೇತ 20ರ ಬಲಕ್ಕೆ ಹೋಗುತ್ತದೆ.

```
      50
     /  \
   20    60
  /  \
10    40
        \
         45
```

ಎಡದ ಎತ್ತರ 3, ಬಲದ್ದು 1. ಬ್ಯಾಲೆನ್ಸ್ +2. ಮೊದಲು ಬಲಕ್ಕೆ ವಾಲಿದ್ದ ಮರ ಈಗ ಎಡಕ್ಕೆ ವಾಲಿದೆ, ಅಷ್ಟೇ. ಕಾರಣ ಚಿತ್ರದಲ್ಲೇ ಇದೆ. ಭಾರವೆಲ್ಲ ಇರುವುದು 40ರ ಕಡೆ, ಅಂದರೆ ಒಳಬದಿಯಲ್ಲಿ. ಒಂದೇ ಸಲ ತಿರುಗಿಸಿದಾಗ ಒಳಬದಿಯ ಮರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆಯೇ ಹೊರತು ಒಂದು ಮೆಟ್ಟಿಲೂ ಮೇಲೇರುವುದಿಲ್ಲ. ಮೇಲೇರುವುದು ಹೊರಬದಿ ಮಾತ್ರ. ಹಾಗಾಗಿ ಒಳಬದಿಯ ಭಾರವನ್ನು ಮೊದಲು ಹೊರಬದಿಗೆ ತರಬೇಕು. ಎರಡು ಸಲ ತಿರುಗಿಸುವುದು ಅದಕ್ಕೇ.

ಸರಿಯಾದ ಕ್ರಮ ನೋಡಿ. ಮೊದಲು 50ನ್ನು ಬಲಕ್ಕೆ ತಿರುಗಿಸಿ. 40 ಮೇಲೆ ಬರುತ್ತದೆ, 50 ಅದರ ಬಲಕ್ಕೆ ಇಳಿಯುತ್ತದೆ. ಆದರೆ ಆ ಬಲದ ಜಾಗದಲ್ಲಿ 45 ಇತ್ತು, ಅಲ್ವಾ? 45 ಈಗ 50ರ ಎಡಕ್ಕೆ ಹೋಗುತ್ತದೆ. ಅದು 40ಕ್ಕಿಂತ ದೊಡ್ಡದು, 50ಕ್ಕಿಂತ ಚಿಕ್ಕದು. ಆ ಎರಡು ಷರತ್ತಿಗೂ ಹೊಂದುವ ಖಾಲಿ ಜಾಗ ಅದೊಂದೇ. ನೆನಪಿಟ್ಟುಕೊಳ್ಳುವ ಸೂತ್ರವೇನೂ ಬೇಕಿಲ್ಲ, ಸಂಖ್ಯೆಯೇ ಜಾಗ ಹೇಳುತ್ತದೆ. ಆಮೇಲೆ 20ನ್ನು ಎಡಕ್ಕೆ ತಿರುಗಿಸಿ.

```
      40
     /  \
   20    50
  /     /  \
10    45    60
```

40ರ ಬ್ಯಾಲೆನ್ಸ್ 0, 50ರದ್ದು 0, 20ರದ್ದು +1. ಇನ್ನೊಂದು ವಿಷಯ ಗಮನಿಸಿ. 45 ಬರುವ ಮೊದಲು ಮರದ ಎತ್ತರ 3, ಈಗಲೂ 3. ಸೇರಿಸುವಾಗ ಯಾವಾಗಲೂ ಹೀಗೇ: ತಿರುಗಿಸಿದ ಭಾಗ ತನ್ನ ಹಳೆಯ ಎತ್ತರಕ್ಕೇ ಮರಳುತ್ತದೆ. ಅದಕ್ಕೇ ಒಂದು ಸಂಖ್ಯೆ ಸೇರಿಸಿದರೆ ಒಂದೇ ಕಡೆ ಸರಿಮಾಡಿದರೆ ಸಾಕು. ಅಳಿಸುವಾಗ ಈ ಭರವಸೆ ಇಲ್ಲ. ತಿರುಗಿಸಿದ ಭಾಗ ಒಂದು ಮೆಟ್ಟಿಲು ಗಿಡ್ಡವಾಗಬಹುದು, ಆಗ ಬೇರಿನವರೆಗೂ ನೋಡುತ್ತಾ ಹೋಗಬೇಕು.

ಕಾಗದದ ಮೇಲೆ ಇಷ್ಟಾದರೆ ಕೋಡ್ ಬರೆಯುವುದು ದೊಡ್ಡ ಕೆಲಸವಲ್ಲ.

```python
def left_rotate(x):
    y = x.right
    x.right = y.left
    y.left = x
    update(x)
    update(y)
    return y
```

45ಕ್ಕೆ ಆದದ್ದೇ ಇಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ಮೂರನೇ ಸಾಲಿನಲ್ಲಿ ಇದೆ. ಜಾಸ್ತಿ ಜನ ಜಾರುವುದು ಕೊನೆಗೆ ಬರುವ ಎರಡು `update`ಗಳಲ್ಲಿ. ಅವು ಎತ್ತರವನ್ನು ಹೊಸದಾಗಿ ಲೆಕ್ಕ ಹಾಕುತ್ತವೆ. `x` ಈಗ ಕೆಳಗಿದೆ, `y` ಅದರ ಮೇಲಿದೆ. `y`ಯನ್ನು ಮೊದಲು ಲೆಕ್ಕ ಹಾಕಿದರೆ ಅದು `x`ನ ಹಳೆಯ ಎತ್ತರವನ್ನೇ ನಂಬಿಬಿಡುತ್ತದೆ.

ಈ ತಪ್ಪು ಬೇಗ ಸಿಗುವುದಿಲ್ಲ. ಎರಡೂ ರೊಟೇಶನ್‌ಗಳಲ್ಲಿ ಸಾಲು ಅದಲುಬದಲಾಗಿದ್ದರೂ 60ರವರೆಗೆ ಮರ ಸರಿಯಾಗಿಯೇ ಕಾಣುತ್ತದೆ. ಹೊಸ ಸಂಖ್ಯೆ ಇಳಿಯುವ ದಾರಿಯಲ್ಲಿ ಎತ್ತರಗಳು ಪುನಃ ಲೆಕ್ಕವಾಗುವುದರಿಂದ ಬೇರಿನ ಸುಳ್ಳು ಎತ್ತರ ಅಳಿಸಿಹೋಗಿರುತ್ತದೆ. 50 ಹಾಕಿದಾಗ ಮಾತ್ರ ಸಿಕ್ಕಿಬೀಳುತ್ತದೆ. ಮೇಲೆ ಬಂದ 50 ತನ್ನ ಎತ್ತರ 4 ಅನ್ನುತ್ತದೆ, ಇರುವುದು 2. ಅದನ್ನು ನಂಬಿದ 20 ತನ್ನ ಬ್ಯಾಲೆನ್ಸ್ -3 ಎಂದುಕೊಂಡು ಅನಗತ್ಯವಾಗಿ ಇನ್ನೊಂದು ಸಲ ಎಡಕ್ಕೆ ತಿರುಗುತ್ತದೆ. ಯಾವ ಕಡೆ ತಿರುಗಿಸಬೇಕೆಂದು ಮಗುವಿನ ಬ್ಯಾಲೆನ್ಸ್ ನೋಡಿ ತೀರ್ಮಾನಿಸುವ ಕೋಡ್‌ನಲ್ಲಿ ಹೀಗಾಗುತ್ತದೆ. ಬೇರು 50 ಆಗಿಬಿಡುತ್ತದೆ.

"ಸರ್, ಔಟ್‌ಪುಟ್ ಸಾರ್ಟ್ ಆಗಿಯೇ ಬರ್ತಾ ಉಂಟು" ಅಂತ ವಾದ ಬರುತ್ತದೆ. ನಿಜವೇ. ಎಡ, ನೋಡ್, ಬಲ ಎಂದು ಓದುವ ಇನ್ಆರ್ಡರ್ ಸರಿ ಮರ, ತಪ್ಪು ಮರ ಎರಡರಲ್ಲೂ 10 20 40 50 60. ಯಾವ ರೊಟೇಶನ್ನೂ ಆ ಕ್ರಮವನ್ನು ಕೆಡಿಸುವುದಿಲ್ಲ, ಹಾಗಾಗಿ ಅದನ್ನು ನೋಡಿ ಏನೂ ಹೇಳಲಾಗದು. ನಾನು ಪ್ರತಿ ಸಂಖ್ಯೆಯ ನಂತರ ಪ್ರಿಆರ್ಡರ್, ಅಂದರೆ ಮೊದಲು ನೋಡ್, ಆಮೇಲೆ ಎಡ, ಬಲ ಎಂಬ ಕ್ರಮದಲ್ಲಿ ಪ್ರಿಂಟ್ ಮಾಡಿಸಿ ಚೀಟಿಯ ಚಿತ್ರದ ಜೊತೆ ಹೋಲಿಸಲು ಹೇಳುತ್ತೇನೆ. 50 ಹಾಕಿದ ಮೇಲೆ `20 10 50 40 60` ಬರಬೇಕು. `50 20 10 40 60` ಬಂದರೆ ನೇರ ಆ ಎರಡು `update` ಸಾಲುಗಳಿಗೆ ಹೋಗಿ ನೋಡಿ.